ಕೈಜೋಡಿಸುವುದೋ, ಕೈಕೊಡುವುದೋ: ನಾಲ್ಕು ಮನೆಯ ಕೋಷ್ಟಕವನ್ನು ಓದುವ ಬಗೆ

1950ರ ಜನವರಿ. ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದ ರ‍್ಯಾಂಡ್ ಸಂಸ್ಥೆಯಲ್ಲಿ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ಎಂಬ ಗಣಿತಜ್ಞರು ಒಂದು ಪುಟ್ಟ ಆಟ ಹೂಡಿದರು. ಆಡಲು ಕೂತವರು ಅರ್ಥಶಾಸ್ತ್ರಜ್ಞ ಆರ್ಮೆನ್ ಆಲ್ಚಿಯನ್ ಮತ್ತು ರ‍್ಯಾಂಡ್‌ನ ಗಣಿತ ವಿಭಾಗದ ಮುಖ್ಯಸ್ಥ ಜಾನ್ ವಿಲಿಯಮ್ಸ್. ಪಣ ಬಿಡಿಗಾಸು: ಒಂದು ಸುತ್ತಿಗೆ ಹೆಚ್ಚೆಂದರೆ ಎರಡು ಸೆಂಟ್. ಅದೇ ವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗಣಿತಜ್ಞ ಆಲ್ಬರ್ಟ್ ಟಕ್ಕರ್ ಈ ಬಗೆಯ ಆಟಕ್ಕೆ ಜೈಲಿನಲ್ಲಿರುವ ಇಬ್ಬರು ಕೈದಿಗಳ ಕಥೆ ಕಟ್ಟಿದರು. ಕಥೆ ಲೋಕಪ್ರಸಿದ್ಧವಾಯಿತು, ಮೊದಲ ಕೋಷ್ಟಕ ಮೂಲೆ ಸೇರಿತು.

ಕಲಿಯುವವರಿಗೆ ಆ ಮೊದಲ ಕೋಷ್ಟಕವೇ ಮೇಲು. ಕೈದಿಗಳ ಕಥೆಯಲ್ಲಿ ಇಬ್ಬರ ಅಂಕಿಗಳೂ ಒಂದೇ ಆಗಿರುತ್ತವೆ. ಒಬ್ಬನ ಲೆಕ್ಕ ಮಾಡಿ ಮತ್ತೊಬ್ಬನಿಗೂ ಅದನ್ನೇ ಅಂಟಿಸಿದರೆ ಉತ್ತರ ಸರಿಬಂದುಬಿಡುತ್ತದೆ, ಓದಲು ಬಂದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಫ್ಲಡ್ ಮತ್ತು ಡ್ರೆಶರ್ ಕೊಟ್ಟ ಅಂಕಿಗಳು ಇಬ್ಬರಿಗೂ ಬೇರೆ ಬೇರೆ. ಅವು ಇಲ್ಲಿವೆ, ಎಲ್ಲವೂ ಸೆಂಟ್‌ಗಳಲ್ಲಿ. ಪ್ರತಿ ಮನೆಯಲ್ಲಿ ಮೊದಲ ಅಂಕಿ ಆಲ್ಚಿಯನ್‌ನದು, ಎರಡನೆಯದು ವಿಲಿಯಮ್ಸ್‌ನದು.

| | ವಿಲಿಯಮ್ಸ್: ಕೈಜೋಡಿಸು | ವಿಲಿಯಮ್ಸ್: ಕೈಕೊಡು |
|---|---|---|
| ಆಲ್ಚಿಯನ್: ಕೈಜೋಡಿಸು | ½, 1 | −1, 2 |
| ಆಲ್ಚಿಯನ್: ಕೈಕೊಡು | 1, −1 | 0, ½ |

'ಕೈಜೋಡಿಸು', 'ಕೈಕೊಡು' ಎಂಬ ಹೆಸರುಗಳು ಓದುವ ಅನುಕೂಲಕ್ಕೆ ನಾನು ಇಟ್ಟವು, ಮನೆಗಳನ್ನೂ ಅದಕ್ಕೆ ತಕ್ಕಂತೆ ಜೋಡಿಸಿಕೊಂಡಿದ್ದೇನೆ. ಕಳೆಯುವ ಗುರುತು ಇದ್ದರೆ ಅಷ್ಟು ಸೆಂಟ್ ಕೈಬಿಟ್ಟಿತು ಎಂದರ್ಥ. ಇಬ್ಬರೂ ಏಕಕಾಲಕ್ಕೆ ಆಡುತ್ತಾರೆ ಎಂದರೆ ಗಡಿಯಾರ ನೋಡಿ ಒಂದೇ ಕ್ಷಣಕ್ಕೆ ಆಡಬೇಕು ಎಂದೇನಲ್ಲ. ಟೆಂಡರಿನ ಮುಚ್ಚಿದ ಲಕೋಟೆಯ ಹಾಗೆ, ತನ್ನ ಆಯ್ಕೆ ಮಾಡುವಾಗ ಎದುರಾಳಿಯ ಆಯ್ಕೆ ತಿಳಿದಿರಬಾರದು, ಅಷ್ಟೇ.

ಈಗ ಓದೋಣ. ಆಲ್ಚಿಯನ್ ಆರಿಸುವುದು ಅಡ್ಡಸಾಲನ್ನು. ಯಾವ ಕಂಬಸಾಲು ಬರುತ್ತದೆ ಎಂಬುದು ಅವನ ಕೈಯಲ್ಲಿಲ್ಲ. ಹಾಗಾಗಿ ಅವನ ಪರವಾಗಿ ಲೆಕ್ಕ ಹಾಕುವಾಗ ಒಂದು ಕಂಬಸಾಲನ್ನು ಬಿಟ್ಟು ಉಳಿದದ್ದನ್ನು ಅಂಗೈಯಿಂದ ಮುಚ್ಚಿಬಿಡಿ. ವಿಲಿಯಮ್ಸ್ ಕೈಜೋಡಿಸಿದ್ದಾನೆ ಎಂದುಕೊಂಡು ಮೊದಲ ಕಂಬಸಾಲಿನಲ್ಲಿ ಮೇಲಿಂದ ಕೆಳಗೆ ಮೊದಲ ಅಂಕಿಗಳನ್ನಷ್ಟೇ ನೋಡಿ: ½ ಮತ್ತು 1. ಕೈಕೊಟ್ಟರೆ ಅರ್ಧ ಸೆಂಟ್ ಹೆಚ್ಚು. ಇನ್ನು ಎರಡನೆಯ ಕಂಬಸಾಲು: −1 ಮತ್ತು 0. ಇಲ್ಲೂ ಕೈಕೊಡುವುದೇ ಒಂದು ಸೆಂಟ್ ಮೇಲು. ಎದುರಾಳಿ ಏನೇ ಮಾಡಲಿ, ಆಲ್ಚಿಯನ್‌ಗೆ ಒಂದೇ ಆಯ್ಕೆ ಲಾಭದ್ದು. ಅಂಥ ಆಯ್ಕೆಗೆ ಪ್ರಬಲ ತಂತ್ರ ಎಂದು ಹೆಸರು.

ವಿಲಿಯಮ್ಸ್ ಆರಿಸುವುದು ಕಂಬಸಾಲನ್ನು. ಅವನ ಲೆಕ್ಕಕ್ಕೆ ಅಡ್ಡಸಾಲನ್ನು ಹಿಡಿದಿಟ್ಟುಕೊಂಡು ಎಡದಿಂದ ಬಲಕ್ಕೆ ಎರಡನೆಯ ಅಂಕಿಗಳನ್ನು ಓದಬೇಕು. ಮೇಲಿನ ಸಾಲಿನಲ್ಲಿ 1 ಮತ್ತು 2, ಕೆಳಗಿನ ಸಾಲಿನಲ್ಲಿ −1 ಮತ್ತು ½. ಎರಡರಲ್ಲೂ ಬಲಗಡೆಯದೇ ದೊಡ್ಡದು. ಅವನಿಗೂ ಕೈಕೊಡುವುದೇ ಪ್ರಬಲ ತಂತ್ರ. ಇಬ್ಬರ ಆಯ್ಕೆಗಳೂ ಸೇರುವ ಕೆಳಬಲ ಮನೆಯೇ ಈ ಆಟದ ಸಮತೋಲನ. ಅಲ್ಲಿ ನಿಂತು ಯಾರೊಬ್ಬರೂ ತಾನೊಬ್ಬನೇ ಆಯ್ಕೆ ಬದಲಿಸಿ ಲಾಭ ಮಾಡಿಕೊಳ್ಳಲಾರರು: ಆಲ್ಚಿಯನ್ ಮೇಲಕ್ಕೆ ಸರಿದರೆ 0 ಇದ್ದದ್ದು −1 ಆಗುತ್ತದೆ, ವಿಲಿಯಮ್ಸ್ ಎಡಕ್ಕೆ ಸರಿದರೆ ½ ಇದ್ದದ್ದು −1 ಆಗುತ್ತದೆ. ಉತ್ತರ ಬರೆಯುವಾಗ 'ಸಮತೋಲನ 0, ½' ಎಂದು ಬರೆಯುವವರು ಬಹಳ. ಅದು ಪ್ರತಿಫಲ. ಸಮತೋಲನವೆಂದರೆ 'ಕೈಕೊಡು, ಕೈಕೊಡು' ಎಂಬ ಆಯ್ಕೆಗಳ ಜೋಡಿ.

ಎಡವುವುದು ಎಲ್ಲಿ? ಒಂದು, ಆಲ್ಚಿಯನ್‌ನ ಅಂಕಿಗಳನ್ನು ಅಡ್ಡಕ್ಕೆ ಹೋಲಿಸಿಬಿಡುವುದು. ಮೇಲಿನ ಸಾಲಿನ ½ ಮತ್ತು −1 ನೋಡಿ 'ಅವನಿಗೆ ಎಡಗಡೆಯದು ವಾಸಿ' ಎಂದರೆ, ಅವನ ಕೈಯಲ್ಲಿ ಇಲ್ಲದ ಆಯ್ಕೆಯನ್ನು ಅವನಿಂದ ಮಾಡಿಸಿದ ಹಾಗಾಯಿತು. ಇನ್ನೊಂದು ತಪ್ಪು ಇದಕ್ಕಿಂತ ಮೋಸದ್ದು: ಒಂದೇ ಮನೆಯೊಳಗಿನ ಎರಡು ಅಂಕಿಗಳನ್ನು ಒಂದಕ್ಕೊಂದು ಹೋಲಿಸಿ 'ಇಲ್ಲಿ ವಿಲಿಯಮ್ಸ್ ಗೆದ್ದ' ಎನ್ನುವುದು. ಕೋಷ್ಟಕದಲ್ಲಿ ಗೆಲ್ಲುವುದು ಸೋಲುವುದು ಎಂಬುದೇ ಇಲ್ಲ. ಪ್ರತಿಯೊಬ್ಬನೂ ತನ್ನ ಅಂಕಿಯನ್ನು ತನ್ನದೇ ಇನ್ನೊಂದು ಅಂಕಿಯ ಜೊತೆ ತೂಗುತ್ತಾನೆ. ನಾಲ್ಕೂ ಮನೆಗಳ ಮೊತ್ತ ಹಾಕಿ, ಒಟ್ಟು 1½ ಬರುವ ಮೇಲ್‌ಎಡ ಮನೆಯನ್ನು ಸಮತೋಲನವೆಂದು ಗುರುತಿಸುವವರೂ ಇದ್ದಾರೆ. ಅಲ್ಲಿ ಇಬ್ಬರಿಗೂ ಅರ್ಧರ್ಧ ಸೆಂಟ್ ಹೆಚ್ಚು ಸಿಗುತ್ತದೆ, ನಿಜ. ಆದರೆ ಅಲ್ಲಿ ನಿಂತ ಇಬ್ಬರಿಗೂ ಜಾರುವ ಆಸೆ ಇದೆ: ಒಬ್ಬನಿಗೆ ಅರ್ಧ ಸೆಂಟಿನದು, ಇನ್ನೊಬ್ಬನಿಗೆ ಇಡೀ ಸೆಂಟಿನದು. ಕೋಷ್ಟಕದಲ್ಲಿ ಲಾಭದ ಬದಲು ಜೈಲಿನ ವರ್ಷಗಳೋ ಖರ್ಚೋ ಇದ್ದರೆ ಚಿಕ್ಕ ಅಂಕಿಯೇ ಒಳ್ಳೆಯದು. ಅಂಥ ಕಡೆ ಮೊದಲೇ ಎಲ್ಲ ಅಂಕಿಗೂ ಕಳೆಯುವ ಗುರುತು ಹಾಕಿಕೊಂಡರೆ ಕೈ ತಪ್ಪುವುದಿಲ್ಲ.

ಪ್ರಬಲ ತಂತ್ರದ ಬಲ ಎಷ್ಟೆಂದು ತಿಳಿಯಬೇಕಾದರೆ ಒಂದೇ ಅಂಕಿಯನ್ನು ಅಲುಗಾಡಿಸಿ ನೋಡಬೇಕು. ಕೆಳಬಲ ಮನೆಯಲ್ಲಿ ವಿಲಿಯಮ್ಸ್‌ಗೆ ½ ಬದಲು −2 ಎಂದಿಡಿ. ಮೇಲಿನ ಸಾಲಿನಲ್ಲಿ ಅವನಿಗೆ ಈಗಲೂ ಕೈಕೊಡುವುದೇ ಲಾಭ, ಕೆಳಗಿನ ಸಾಲಿನಲ್ಲಿ ಮಾತ್ರ −2ಕ್ಕಿಂತ −1 ವಾಸಿ. ಪ್ರಬಲ ತಂತ್ರ ಮಾಯವಾಯಿತು. ಆದರೂ ಆಟಕ್ಕೆ ಉತ್ತರವಿದೆ. ಆಲ್ಚಿಯನ್‌ನ ಅಂಕಿಗಳು ಬದಲಾಗಿಲ್ಲವಾದ್ದರಿಂದ ಅವನು ಕೈಕೊಟ್ಟೇ ಕೊಡುತ್ತಾನೆ. ಅದನ್ನು ಊಹಿಸಿದ ವಿಲಿಯಮ್ಸ್ ಕೈಜೋಡಿಸಿ ಒಂದು ಸೆಂಟ್ ಕಳೆದುಕೊಂಡು ಸುಮ್ಮನಾಗುತ್ತಾನೆ. ಮೊದಲಿನ ಕೋಷ್ಟಕದಲ್ಲಿ ವಿಲಿಯಮ್ಸ್ ತನ್ನ ಅಂಕಿಗಳನ್ನಷ್ಟೇ ನೋಡಿ ಆಡಬಹುದಿತ್ತು. ಆಲ್ಚಿಯನ್ ಬುದ್ಧಿವಂತನೋ ಪೆದ್ದನೋ ಎಂಬುದು ಬೇಕಿರಲಿಲ್ಲ. ಈಗ ಅವನಿಗೆ ಆಲ್ಚಿಯನ್‌ನ ಅಂಕಿಗಳೂ ಗೊತ್ತಿರಬೇಕು, ಆತ ಲೆಕ್ಕ ತಪ್ಪಲಾರ ಎಂಬ ನಂಬಿಕೆಯೂ ಬೇಕು. ಅದೇ ಅಂಕಿಯನ್ನು ಸರಿಯಾಗಿ −1 ಎಂದಿಟ್ಟರೆ ಇನ್ನೊಂದು ಸಂಗತಿ ಕಾಣುತ್ತದೆ. ಕೆಳಗಿನ ಸಾಲಿನಲ್ಲಿ ವಿಲಿಯಮ್ಸ್‌ಗೆ ಎರಡೂ ಸಮ. ಕೈಕೊಡುವುದರಿಂದ ಎಲ್ಲೂ ನಷ್ಟವಿಲ್ಲ, ಒಂದು ಕಡೆ ಮಾತ್ರ ಲಾಭ. ಇದು ದುರ್ಬಲ ಅರ್ಥದ ಪ್ರಾಬಲ್ಯ. ಆಗ ಕೆಳಗಿನ ಸಾಲಿನ ಎರಡು ಮನೆಗಳೂ ಸಮತೋಲನವೇ, ಒಂದನ್ನು ಮಾತ್ರ ಬರೆದು ಎದ್ದರೆ ಉತ್ತರ ಅರ್ಧ.

ಇನ್ನು ಆಲ್ಚಿಯನ್, ವಿಲಿಯಮ್ಸ್ ನಿಜಕ್ಕೂ ಏನು ಮಾಡಿದರು ಎಂಬ ವಿಷಯ. ಅವರು ಆಡಿದ್ದು 100 ಸುತ್ತು. ಆಲ್ಚಿಯನ್ 68 ಬಾರಿ, ವಿಲಿಯಮ್ಸ್ 78 ಬಾರಿ ಕೈಜೋಡಿಸಿದರು. 60 ಸುತ್ತುಗಳಲ್ಲಿ ಇಬ್ಬರೂ ಒಟ್ಟಿಗೆ ಕೈಜೋಡಿಸಿದ್ದರು, ಸಮತೋಲನದ ಮನೆಗೆ ಬಂದದ್ದು ಕೇವಲ 14 ಸಲ. ಲೆಕ್ಕ ಕೂಡಿದರೆ ಆಲ್ಚಿಯನ್ ಗಳಿಸಿದ್ದು 40 ಸೆಂಟ್, ವಿಲಿಯಮ್ಸ್ 65. ಪ್ರತಿ ಸಲವೂ ಸಮತೋಲನವನ್ನೇ ಆಡಿದ್ದರೆ ಅವನಿಗೆ ಸೊನ್ನೆ, ಇವನಿಗೆ 50 ಸಿಗುತ್ತಿತ್ತು.

ಸಿದ್ಧಾಂತ ಸುಳ್ಳಾಯಿತೇ? ಆಗ ಇನ್ನೂ ಪ್ರಿನ್ಸ್‌ಟನ್‌ನಲ್ಲಿ ಟಕ್ಕರ್ ಅವರ ವಿದ್ಯಾರ್ಥಿಯಾಗಿದ್ದ ಜಾನ್ ನ್ಯಾಶ್ ಈ ಫಲಿತಾಂಶ ನೋಡಿ ಒಂದು ಆಕ್ಷೇಪ ಬರೆದು ಕಳಿಸಿದರು. ನೀವು ಆಡಿಸಿದ್ದು 100 ಬೇರೆ ಬೇರೆ ಆಟಗಳನ್ನಲ್ಲ, ಹಲವು ನಡೆಗಳ ಒಂದೇ ದೊಡ್ಡ ಆಟವನ್ನು ಎಂಬುದು ಅದರ ತಿರುಳು. ಆಕ್ಷೇಪ ಎಷ್ಟು ಗಟ್ಟಿ ಎಂಬುದನ್ನು ನಮ್ಮ ಕೋಷ್ಟಕದಿಂದಲೇ ಅಳೆಯಬಹುದು. ವಿಲಿಯಮ್ಸ್ ಹೀಗೆ ಆಡುತ್ತಾನೆ ಎನ್ನಿ: ಆಲ್ಚಿಯನ್ ಕೈಜೋಡಿಸುವವರೆಗೆ ತಾನೂ ಕೈಜೋಡಿಸುತ್ತಾನೆ, ಆತ ಒಮ್ಮೆ ಕೈಕೊಟ್ಟರೆ ಆಮೇಲೆ ಕೊನೆಯವರೆಗೂ ಕೈಕೊಡುತ್ತಾನೆ. ಎದುರಿಗೆ ಇಂಥವನಿದ್ದಾಗ ಆಲ್ಚಿಯನ್ ಮೊದಲ ಸುತ್ತಿನಿಂದಲೇ ಕೈಕೊಡುತ್ತ ಹೋದರೆ ಆ ಒಂದು ಸುತ್ತಿಗೆ 1 ಸೆಂಟ್, ಉಳಿದ 99ಕ್ಕೆ ಸೊನ್ನೆ. 100 ಸಲವೂ ಕೈಜೋಡಿಸಿದರೆ 50 ಸೆಂಟ್. ಒಂದು ಸುತ್ತಿನಲ್ಲಿ ಪ್ರಬಲವಾಗಿದ್ದ ಆಯ್ಕೆ ನೂರು ಸುತ್ತಿನ ಆಟದಲ್ಲಿ ಪ್ರಬಲವಾಗಿ ಉಳಿಯಲಿಲ್ಲ. ಕಾರಣ ಸರಳ: ಇವತ್ತಿನ ನನ್ನ ನಡೆ ನಾಳೆ ಎದುರಾಳಿ ಆರಿಸುವ ಕಂಬಸಾಲನ್ನೇ ಬದಲಿಸಬಹುದು. ಆಗ 'ಒಂದು ಕಂಬಸಾಲನ್ನು ಹಿಡಿದಿಟ್ಟುಕೊಂಡು' ಓದುವ ನಮ್ಮ ವಿಧಾನದ ಬುಡವೇ ಅಲುಗುತ್ತದೆ.

ಹಾಗೆಂದು ಸಮತೋಲನ ಸುಲಭಕ್ಕೆ ಬಿಡುವುದೂ ಇಲ್ಲ. ನೂರನೆಯದೇ ಕೊನೆಯ ಸುತ್ತು ಎಂದು ಇಬ್ಬರಿಗೂ ಗೊತ್ತಿದ್ದರೆ ಅಲ್ಲಿ ನಾಳೆಯ ಭಯವಿಲ್ಲ, ಇಬ್ಬರೂ ಕೈಕೊಡುತ್ತಾರೆ. ಅದು ನಿಶ್ಚಯವಾದ ಮೇಲೆ 99ನೆಯ ಸುತ್ತಿನಲ್ಲಿ ಒಳ್ಳೆಯತನ ತೋರಿ ಏನು ಬಂತು? ಈರುಳ್ಳಿ ಸುಲಿದ ಹಾಗೆ ಇದೇ ವಾದ ಹಿಂದೆ ಹಿಂದೆ ಸರಿದು ಮೊದಲ ಸುತ್ತಿನವರೆಗೂ ಬರುತ್ತದೆ. ತರ್ಕದಲ್ಲಿ ಬಿರುಕಿಲ್ಲ. ಎದುರಾಳಿ ನೂರು ಪದರವನ್ನೂ ಸುಲಿದೇ ಆಡುತ್ತಾನೆ ಎಂಬ ಭರವಸೆ ಮಾತ್ರ ಮನುಷ್ಯರ ಮಟ್ಟಿಗೆ ಅತಿಯಾಯಿತು ಎನ್ನುವುದು ನನ್ನ ಅನಿಸಿಕೆ. ನ್ಯಾಶ್ ಸೂಚಿಸಿದ ಪರಿಹಾರ ಬೇರೆಯೇ: ಎದುರಾಳಿಗಳನ್ನು ಬದಲಿಸುತ್ತಿರಿ, ಎಲ್ಲ ಸುತ್ತೂ ಮುಗಿಯುವವರೆಗೆ ಯಾರು ಏನು ಆಡಿದರೆಂದು ಹೇಳಬೇಡಿ. ಆಗ ಪ್ರತಿ ಸುತ್ತೂ ನಿಜಕ್ಕೂ ಒಂಟಿ ಆಟವಾಗುತ್ತದೆ.

ಕೋಷ್ಟಕದ ಅಂಕಿಗಳ ಬಗ್ಗೆಯೇ ಒಂದು ಅನುಮಾನ ಉಳಿಯುತ್ತದೆ. ಫ್ಲಡ್ ಬರೆದದ್ದು ಸೆಂಟ್‌ಗಳನ್ನು. ಆಟಗಾರ ತೂಗುವುದು ಸೆಂಟನ್ನು ಮಾತ್ರವೇ? ನಂಬಿ ಕೈಜೋಡಿಸಿದವನಿಗೆ ಕೈಕೊಟ್ಟಾಗ ಆಗುವ ಇರಿಸುಮುರಿಸಿನ ಬೆಲೆ ಒಂದೂವರೆ ಸೆಂಟ್ ಎಂದು ಇಬ್ಬರಿಗೂ ಹಾಕಿ ನೋಡಿ. ಕೆಳ‌ಎಡ ಮನೆಯಲ್ಲಿ ಆಲ್ಚಿಯನ್‌ನ 1 ಈಗ −½, ಮೇಲ್‌ಬಲ ಮನೆಯಲ್ಲಿ ವಿಲಿಯಮ್ಸ್‌ನ 2 ಈಗ ½. ಮತ್ತೆ ಮೊದಲಿನಿಂದ ಓದಿದರೆ ಮೊದಲ ಕಂಬಸಾಲಿನಲ್ಲಿ ಆಲ್ಚಿಯನ್‌ಗೆ ½ ಮತ್ತು −½, ಕೈಜೋಡಿಸುವುದೇ ವಾಸಿ. ಎರಡನೆಯದರಲ್ಲಿ −1 ಮತ್ತು 0, ಕೈಕೊಡುವುದೇ ವಾಸಿ. ವಿಲಿಯಮ್ಸ್‌ಗೂ ಹೀಗೆಯೇ: ಮೇಲಿನ ಸಾಲಿನಲ್ಲಿ ಎಡ, ಕೆಳಗಿನ ಸಾಲಿನಲ್ಲಿ ಬಲ. ಈಗ ಯಾರಿಗೂ ಪ್ರಬಲ ತಂತ್ರವಿಲ್ಲ. ಇಬ್ಬರೂ ಕೈಜೋಡಿಸಿದ ಮನೆಯೂ ಸಮತೋಲನ, ಇಬ್ಬರೂ ಕೈಕೊಟ್ಟ ಮನೆಯೂ ಸಮತೋಲನ. ಎರಡರಲ್ಲಿ ಯಾವುದಕ್ಕೆ ಹೋಗಿ ನಿಲ್ಲುತ್ತಾರೆ ಎಂಬುದನ್ನು ಸಾಲು ಸಾಲಾಗಿ ಓದುವ ಈ ವಿಧಾನ ಹೇಳುವುದಿಲ್ಲ.