ಬೀಪ್ ಬಂದರೂ ಕೈಕೊಡುವ ಕೇಬಲ್

ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವರ ಪೆಟ್ಟಿಗೆಯಲ್ಲಿ ಎರಡು ಥರದ ಕೆಟ್ಟ ಕೇಬಲ್ ಇರುತ್ತವೆ. ಒಂದು ಪೂರ್ತಿ ಸತ್ತದ್ದು. ಅದರಿಂದ ಅಷ್ಟೇನೂ ತೊಂದರೆ ಇಲ್ಲ. ದನಿಯೇ ಬರಲ್ಲ, ಕಿತ್ತು ಬೇರೆ ಹಾಕುತ್ತಾರೆ. ಇನ್ನೊಂದು ಅರ್ಧ ಸತ್ತದ್ದು. ದನಿ ಬರುತ್ತದೆ, ಆದರೆ ಸ್ವಲ್ಪ ಕಮ್ಮಿ. ಹಿಂದೆ ಗುಂಯ್ ಅಂತ ಹಮ್ಮಿಂಗ್. ಆಪರೇಟರ್ ಫೇಡರ್ ಮೇಲಕ್ಕೆ ತಳ್ಳಿ ಹೇಗೋ ಕಾರ್ಯಕ್ರಮ ಮುಗಿಸುತ್ತಾನೆ. ಕೇಬಲ್ ಮತ್ತೆ ಪೆಟ್ಟಿಗೆ ಸೇರಿ ಮುಂದಿನ ಮದುವೆಗೂ ಹೋಗುತ್ತದೆ.

ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆ ಮುಗಿದು ಬೇಸಿಗೆ ಲಗ್ನಗಳು ಶುರುವಾದವು ಅಂದರೆ ರಿಪೇರಿಗೆ ಬರುವ ಎಕ್ಸ್‌ಎಲ್‌ಆರ್ ಕೇಬಲ್‌ಗಳಲ್ಲಿ ಜಾಸ್ತಿ ಈ ಎರಡನೇ ಥರದವೇ. ನಮ್ಮ ಕಡೆ ಇದಕ್ಕೆ ಕ್ಯಾನನ್ ಪಿನ್ ಅಂತಲೂ ಅನ್ನುತ್ತಾರೆ. ಸೇಡಂ ಕಡೆಯ ಒಬ್ಬ ಹುಡುಗ ತಂದ 20 ಮೀಟರ್ ಕೇಬಲ್ಲನ್ನೇ ತಗೊಂಡು ಹೇಳುತ್ತೇನೆ. ಮಿಕ್ಸರ್‌ನಿಂದ ಪವರ್ಡ್ ಸ್ಪೀಕರ್‌ಗೆ ಹೋಗುವ ಕೇಬಲ್ ಅದು.

"ಅಣ್ಣಾ, ಎಡಗಡಿ ಸ್ಪೀಕರ್ ದನಿ ಕಮ್ಮಿ ಬರ್ಲಾಕತ್ತದ. ಸ್ಪೀಕರ್ ಬದ್ಲಿ ಮಾಡಿದ್ರೂ ಹಂಗೇ ಅದ. ಕೇಬಲ್ ಚೆಕ್ ಮಾಡೀನಿ, ಬೀಪ್ ಬರ್ತದ," ಅಂದ.

ಮಲ್ಟಿಮೀಟರ್‌ನಲ್ಲಿ ಬೀಪ್ ಬಂದದ್ದೂ ನಿಜ, ದನಿ ಕಮ್ಮಿಯಾದದ್ದೂ ನಿಜ. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಅಂತ ತಿಳಿಯಬೇಕಾದರೆ ಒಳಗಿನ ಮೂರು ದಾರಿ ನೋಡಬೇಕು.

1ನೇ ಪಿನ್ ಶೀಲ್ಡ್, ಅಂದರೆ ಒಳಗಿನ ಎರಡು ತಂತಿಗಳ ಸುತ್ತ ಇರುವ ಸಣ್ಣ ಎಳೆಗಳ ಹೊದಿಕೆ. 2ನೇ ಪಿನ್‌ನಲ್ಲಿ ಸಿಗ್ನಲ್ ಇದ್ದ ಹಾಗೇ ಹೋಗುತ್ತದೆ. 3ನೇ ಪಿನ್‌ನಲ್ಲಿ ಅದೇ ಸಿಗ್ನಲ್ ಉಲ್ಟಾ ಆಗಿ ಹೋಗುತ್ತದೆ. ಸ್ಪೀಕರ್ ಒಳಗಿನ ಸರ್ಕ್ಯೂಟ್ 2 ಮತ್ತು 3ರ ನಡುವಿನ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ಒಂದು ಮೇಲೆ, ಒಂದು ಕೆಳಗೆ ಇರುವುದರಿಂದ ಸಿಗ್ನಲ್ ಎರಡರಷ್ಟು ಆಗುತ್ತದೆ. ದಾರಿಯಲ್ಲಿ ಜನರೇಟರ್ ವೈರಿನಿಂದಲೋ ಲೈಟಿಂಗ್‌ನಿಂದಲೋ ಸೇರಿಕೊಂಡ ಗದ್ದಲ ಎರಡೂ ತಂತಿಯಲ್ಲಿ ಒಂದೇ ಥರ ಇರುತ್ತದೆ. ವ್ಯತ್ಯಾಸ ತೆಗೆದಾಗ ಅದು ಕಳೆದುಹೋಗುತ್ತದೆ. ಬ್ಯಾಲೆನ್ಸ್ಡ್ ಅನ್ನುವುದು ಇದಕ್ಕೇ.

ಈಗ 3ನೇ ತಂತಿ ಕಡಿಯಿತು ಅಂದುಕೊಳ್ಳಿ. 2ರ ಸಿಗ್ನಲ್ ಮಾತ್ರ ಉಳಿಯಿತು. ವೋಲ್ಟೇಜ್ ಅರ್ಧ, ಅಂದರೆ 6 ಡಿಬಿ ಕಮ್ಮಿ. ಗದ್ದಲ ಕಳೆಯಲು ಜೋಡಿಯೂ ಇಲ್ಲ, ಹಾಗಾಗಿ ಹಮ್ಮಿಂಗ್. ಹುಡುಗ ಹೇಳಿದ್ದು ಇದಕ್ಕೆ ಸರಿಯಾಗಿ ಹೊಂದುತ್ತಿತ್ತು. ಆದರೆ ಎಲ್ಲ ಕಡೆ ಹೀಗೇ ಆಗುತ್ತದೆ ಅಂತಲ್ಲ. ಕೆಲವು ಸಣ್ಣ ಮಿಕ್ಸರ್‌ಗಳ ಔಟ್‌ಪುಟ್‌ನಲ್ಲಿ 3ನೇ ಪಿನ್‌ಗೆ ಸಿಗ್ನಲ್ಲೇ ಕೊಟ್ಟಿರುವುದಿಲ್ಲ, ಒಂದು ರೆಸಿಸ್ಟರ್ ಹಾಕಿ ಬಿಟ್ಟಿರುತ್ತಾರೆ. ಅಲ್ಲಿ 3 ಕಡಿದರೆ ದನಿ ಕಮ್ಮಿಯಾಗಲ್ಲ, ಹಮ್ಮಿಂಗ್ ಮಾತ್ರ ಬರುತ್ತದೆ. ಡೈನಮಿಕ್ ಮೈಕ್ ಆದರೆ ಕಥೆಯೇ ಬೇರೆ. ಅದರ ಕಾಯಿಲ್‌ನ ಎರಡು ತುದಿಯಲ್ಲಿ ಒಂದು ಬಿಟ್ಟುಹೋದರೂ ದನಿ ಹೆಚ್ಚೂಕಮ್ಮಿ ಸತ್ತಂತೆ. ಬೇಸ್ ಇಲ್ಲದ ತೆಳ್ಳಗಿನ ಸದ್ದು ಎಲ್ಲೋ ದೂರದಲ್ಲಿ ಕೇಳುತ್ತದೆ ಅಷ್ಟೇ. ಅದಕ್ಕೇ ಕಿವಿಯಲ್ಲಿ ಕೇಳಿಯೇ ಯಾವ ತಂತಿ ಹೋಗಿದೆ ಅಂತ ಹೇಳಲು ಹೋಗಬಾರದು. ಮೀಟರ್ ಹಿಡಿಯಬೇಕು.

ಮೀಟರ್ ಹಿಡಿಯುವ ಮೊದಲು ಕೇಬಲ್ಲಿನ ಎರಡೂ ತುದಿ ಬಿಚ್ಚಿರಲಿ. ಮೈಕ್ ಸಿಕ್ಕಿಸಿಯೇ ಟೆಸ್ಟ್ ಮಾಡಿದರೆ 2 ಮತ್ತು 3ರ ನಡುವೆ ಕಾಯಿಲ್‌ನ ಓಮ್ಸ್ ತೋರಿಸುತ್ತದೆ, ಶಾರ್ಟ್ ಅಂದುಕೊಂಡು ಸುಮ್ನೆ ಕನೆಕ್ಟರ್ ಬಿಚ್ಚುತ್ತೀರಿ. ಮೀಟರನ್ನು ಕಂಟಿನ್ಯೂಟಿಗೆ ಇಟ್ಟು ಎರಡೂ ಪ್ರೋಬ್ ಒಂದಕ್ಕೊಂದು ತಾಗಿಸಿ. ಬೀಪ್ ಬರಬೇಕು. ಆಮೇಲೆ ಈ ತುದಿಯ 1ರಿಂದ ಆ ತುದಿಯ 1ಕ್ಕೆ, 2ರಿಂದ 2ಕ್ಕೆ, 3ರಿಂದ 3ಕ್ಕೆ. ಮೂರಕ್ಕೂ ಬೀಪ್ ಬರಬೇಕು. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಇನ್ನು ಮೂರು ಬಾಕಿ ಇವೆ: 1-2, 1-3, 2-3. ಇವಕ್ಕೆ ಬೀಪ್ ಬರಬಾರದು. ಬಂದರೆ ಹೆಚ್ಚಾಗಿ ಕನೆಕ್ಟರ್ ಒಳಗೆ ಶೀಲ್ಡಿನ ಎಳೆಯೊಂದು ಪಕ್ಕದ ಪಿನ್‌ಗೆ ತಾಗಿರುತ್ತದೆ. ಫೀಮೇಲ್ ತೂತಿಗೆ ಪ್ರೋಬ್ ಸರಿಯಾಗಿ ಇಳಿಯದಿದ್ದರೆ ಒಂದು ತುಂಡು ಗಟ್ಟಿ ತಂತಿ ತೂರಿಸಿ ಅದಕ್ಕೆ ಹಿಡಿಯಿರಿ. ಪ್ರೋಬ್ ಒತ್ತಿ ತುರುಕಿದರೆ ಒಳಗಿನ ಹಿಡಿತ ಸಡಿಲವಾಗುತ್ತದೆ.

ಆ ಹುಡುಗನ ಕೇಬಲ್ ಈ ಆರರಲ್ಲೂ ಪಾಸ್ ಆಯಿತು.

ಬೀಪ್ ಸದ್ದಿನ ಮೋಸ ಇರುವುದೇ ಇಲ್ಲಿ. ಹೆಚ್ಚಿನ ಮೀಟರ್‌ಗಳು 30-50 ಓಮ್ ಇದ್ದರೂ ಬೀಪ್ ಹೊಡೆಯುತ್ತವೆ, ಕೆಲವು ಇನ್ನೂ ಜಾಸ್ತಿಗೂ. ಒಳ್ಳೆಯ ಕೇಬಲ್ಲಿಗೆ ಅಷ್ಟು ಓಮ್ಸ್ ಎಲ್ಲಿಂದ ಬರಬೇಕು? 0.22 ಚದರ ಮಿಲಿಮೀಟರ್ ತಾಮ್ರದ ತಂತಿ ಮೀಟರಿಗೆ ಸುಮಾರು 0.08 ಓಮ್. 20 ಮೀಟರಿಗೆ 1.6. ಪ್ರೋಬ್ ವೈರಿನದ್ದೂ ಸೇರಿದರೆ ಎರಡರ ಆಸುಪಾಸು. ಹಾಗಾಗಿ ಮೀಟರನ್ನು 200 ಓಮ್ ರೇಂಜಿಗೆ ತಿರುಗಿಸಿ ಓದಿದೆ. 2ನೇ ಪಿನ್ 1.9 ತೋರಿಸಿ ಅಲ್ಲೇ ನಿಂತಿತು. 3ನೇ ಪಿನ್ 7 ಅಂತ ತೋರಿಸಿತು, ಮರುಕ್ಷಣ 12, ಮತ್ತೆ 5. ತಂತಿ ಗಟ್ಟಿ ಇದ್ದರೆ ಅಂಕಿ ಹೀಗೆ ಓಡಾಡಲ್ಲ.

ಇನ್ನು ಕಡಿದ ಜಾಗ ಹುಡುಕಬೇಕು. ಪಿನ್ 3ಕ್ಕೆ ಎರಡೂ ಕಡೆ ಕ್ರೊಕೊಡೈಲ್ ಕ್ಲಿಪ್ ಹಾಕಿ, ಕೈ ಖಾಲಿ ಮಾಡಿಕೊಂಡು, ಒಂದು ತುದಿಯಿಂದ ಗೇಣುಗೇಣು ಬಗ್ಗಿಸುತ್ತ ಹೋದೆ. ಫೀಮೇಲ್ ತುದಿ ಏನೂ ಆಗಲಿಲ್ಲ. ನಡುವೆಯೂ ಏನಿಲ್ಲ. ತೂತಿನ ಬದಲು ಪಿನ್ ಇರುವ ಮೇಲ್ ಕನೆಕ್ಟರ್ ಹಿಂದೆ ಕೇಬಲ್ ಹಿಡಿದು ಮೆಲ್ಲಗೆ ಎಳೆದೆ, ಮೀಟರ್ ಓಪನ್ ತೋರಿಸಿತು. ಬಿಟ್ಟೆ, ಮತ್ತೆ 7 ಓಮ್.

ಸ್ಪೀಕರ್‌ಗೆ ಸಿಕ್ಕಿಸುವುದು ಮೇಲ್ ತುದಿ. ಸ್ಪೀಕರ್ ಸ್ಟ್ಯಾಂಡ್ ಮೇಲೆ ಇರುತ್ತದೆ, ಕೇಬಲ್ ಅಲ್ಲಿಂದ ನೆಲದವರೆಗೆ ಜೋತಾಡುತ್ತದೆ. ಅದರ ಭಾರವೆಲ್ಲ ಆ ತುದಿಗೆ. ಮಂಟಪದಲ್ಲಿ ಎಳೆತ ಇದ್ದಾಗ ತಂತಿ ಬಿಟ್ಟುಕೊಳ್ಳುತ್ತಿತ್ತು. ಟೇಬಲ್ ಮೇಲೆ ಹಾಸಿದಾಗ ಕಡಿದ ತುದಿಗಳು ಪ್ಲಾಸ್ಟಿಕ್ ಕವಚದ ಒಳಗೆ ಮತ್ತೆ ಒಂದಕ್ಕೊಂದು ತಾಗಿ ಬೀಪ್ ಕೊಡುತ್ತಿದ್ದವು.

ಕನೆಕ್ಟರ್ ಬಿಚ್ಚಿದಾಗ ಕಾರಣ ಕಣ್ಣಿಗೇ ಕಂಡಿತು. ಹಿಂದಿನ ಕ್ಲ್ಯಾಂಪ್ ಹೊರಗಿನ ದಪ್ಪ ಜಾಕೆಟ್ಟನ್ನು ಹಿಡಿದಿರಲಿಲ್ಲ. ಜಾಕೆಟ್ ಜಾಸ್ತಿ ಸುಲಿದು, ಒಳಗಿನ ಸಣ್ಣ ತಂತಿಗಳ ಮೇಲೆ ಕ್ಲ್ಯಾಂಪ್ ಕೂರಿಸಿದ್ದರು. ಎಳೆತ ನೇರವಾಗಿ ಬೆಸುಗೆಗೆ ಹೋಗಿದೆ. ಇನ್ನೊಂದು ವಿಷಯ, ಸೋಲ್ಡರ್ ತಂತಿಯ ಎಳೆಗಳೊಳಗೆ ಬಹಳ ದೂರ ಹರಿದಿತ್ತು. ಸೋಲ್ಡರ್ ಹೀರಿದಷ್ಟು ಭಾಗ ಕಡ್ಡಿಯಂತೆ ಸೆಟೆಯುತ್ತದೆ, ಅದು ಮುಗಿಯುವ ಜಾಗದಲ್ಲಿ ಮಾತ್ರ ಬಾಗುತ್ತದೆ. ಕಡಿಯುವುದೂ ಅಲ್ಲೇ. ಇದು ಕಡಿದದ್ದೂ ಅಲ್ಲೇ.

ಇಂಥ ಕಡೆ ಹಳೇ ಬೆಸುಗೆ ಮೇಲೇ ಮತ್ತಷ್ಟು ಸೋಲ್ಡರ್ ಹಚ್ಚುವುದು ನನಗೆ ಸರಿಬರಲ್ಲ. ಸೆಟೆದ ಭಾಗ ಹಾಗೇ ಉಳಿಯುತ್ತದೆ. ಕೇಬಲ್ಲಿನ ತುದಿಯಿಂದ ಮೂರು ನಾಲ್ಕು ಸೆಂಟಿಮೀಟರ್ ಕತ್ತರಿಸಿ ಬಿಸಾಕಿ, ಹೊಸದಾಗಿ ಸುಲಿಯುತ್ತೇನೆ. ಅದಕ್ಕೂ ಮೊದಲು ಕನೆಕ್ಟರಿನ ಹಿಂದಿನ ಬೂಟ್ ಮತ್ತು ಕ್ಲ್ಯಾಂಪ್ ಕೇಬಲ್ಲಿಗೆ ತೂರಿಸಿ ಇಟ್ಟುಕೊಳ್ಳಬೇಕು. ಬೆಸುಗೆ ಎಲ್ಲ ಮುಗಿದ ಮೇಲೆ ಬೂಟ್ ಟೇಬಲ್ ಮೇಲೇ ಕೂತಿರುವುದು ಕಂಡರೆ ಎಷ್ಟು ಸಿಟ್ಟು ಬರುತ್ತದೆ ಅಂತ ಈ ಕೆಲಸ ಮಾಡುವವರಿಗೆಲ್ಲ ಗೊತ್ತು.

ಜಾಕೆಟ್ ಎರಡು ಸೆಂಟಿಮೀಟರ್ ಸುಲಿದರೆ ಸಾಕು. ಶೀಲ್ಡಿನ ಎಳೆಗಳನ್ನು ಒಂದೂ ಬಿಡದೆ ಹೊಸೆದು, ಮೇಲೊಂದು ಸ್ಲೀವ್ ಹಾಕಿ. ಒಳಗಿನ ಎರಡು ತಂತಿಗಳನ್ನು 4-5 ಮಿಲಿಮೀಟರ್ ಸುಲಿದು ತುದಿಗೆ ತೆಳ್ಳಗೆ ಸೋಲ್ಡರ್ ಹಚ್ಚಿ. ಸೋಲ್ಡರ್ ರೋಸಿನ್ ತುಂಬಿದ 60/40 ಅಥವಾ 63/37 ಇರಲಿ. ತಗಡಿನ ಕೆಲಸಕ್ಕೆ ಬಳಸುವ ಆಸಿಡ್ ಪೇಸ್ಟ್ ಬೇಡವೇ ಬೇಡ. ಅದು ನಿಧಾನಕ್ಕೆ ತಾಮ್ರ ತಿನ್ನುತ್ತದೆ.

ಪಿನ್ ನಂಬರ್ ವಿಷಯದಲ್ಲಿ ಒಂದು ನಿಮಿಷ ನಿಲ್ಲಿ. ಹಿಂದಿನಿಂದ ನೋಡಿದಾಗ ಒಂಟಿಯಾಗಿ ನಡುವೆ ಇರುವುದು 2 ಅಲ್ಲ, 3. ಅಕ್ಕಪಕ್ಕದವು 1 ಮತ್ತು 2. ಮೇಲ್‌ನಲ್ಲಿ 1 ಇರುವ ಬದಿಯಲ್ಲಿ ಫೀಮೇಲ್‌ನಲ್ಲಿ 2 ಇರುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ. ಒಂದು ತುದಿಯಲ್ಲಿ ನೋಡಿದ್ದನ್ನೇ ಇನ್ನೊಂದರಲ್ಲೂ ಮಾಡಿದರೆ ಶೀಲ್ಡ್ ಹೋಗಿ 2ಕ್ಕೆ ಕೂರುತ್ತದೆ. ಪ್ರತಿ ಪಿನ್ ಪಕ್ಕ ಸಣ್ಣದಾಗಿ ನಂಬರ್ ಅಚ್ಚಾಗಿರುತ್ತದೆ. ಕಣ್ಣಿಗೆ ಕಾಣದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಿ. ತಂತಿಯ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ. 2ಕ್ಕೆ ಕೆಂಪು ಹಾಕಿದರೆ ಆ ತುದಿಯಲ್ಲೂ 2ಕ್ಕೆ ಕೆಂಪೇ ಇರಬೇಕು, ಅಷ್ಟೇ.

ಬೆಸುಗೆ ಹಾಕುವಾಗ ಮೇಲ್ ಕನೆಕ್ಟರನ್ನು ಒಂದು ಹಳೇ ಫೀಮೇಲ್‌ಗೆ ಸಿಕ್ಕಿಸಿಟ್ಟುಕೊಳ್ಳುತ್ತೇನೆ. ಬಿಸಿಗೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ ಸೊಟ್ಟಗಾಗಲ್ಲ. ಐರನ್ ಸುಮಾರು 350 ಡಿಗ್ರಿ. ಪಿನ್ ಹಿಂದಿನ ಗುಳಿಗೆ ತುದಿ ತಾಗಿಸಿ, ಅದು ಕಾದ ಮೇಲೆ ಅರ್ಧದಷ್ಟು ಸೋಲ್ಡರ್ ಕರಗಿಸಿ. ಅದು ದ್ರವವಾಗಿರುವಾಗಲೇ ತಂತಿ ಇಳಿಸಿ, ಒಂದೆರಡು ಸೆಕೆಂಡಲ್ಲಿ ಐರನ್ ತೆಗೆದುಬಿಡಿ. ಆಮೇಲೆ ಗಟ್ಟಿಯಾಗುವವರೆಗೆ ಕೈ ಅಲುಗಬಾರದು. ಅಲುಗಿದರೆ ಮೇಲ್ಮೈ ಮಂಕಾಗಿ ಸಕ್ಕರೆ ಹರಳಿನ ಹಾಗೆ ಕಾಣುತ್ತದೆ. ಅದು ಹಿಡಿದಂತೆ ಕಂಡರೂ ಹಿಡಿದಿರುವುದಿಲ್ಲ, ಮತ್ತೆ ಕರಗಿಸಿ. ಕಾಯಿಸುವುದು ಜಾಸ್ತಿಯಾದರೆ ಸೋಲ್ಡರ್ ತಂತಿಯೊಳಗೆ ಹತ್ತಿಕೊಂಡು ಮೊದಲಿನ ರೋಗವೇ ಮತ್ತೆ ಬರುತ್ತದೆ.

ಕೊನೆಗೆ ಕ್ಲ್ಯಾಂಪ್ ಹೊರಗಿನ ಜಾಕೆಟ್ಟಿನ ಮೇಲೇ ಕೂತಿದೆಯಾ, ಒಳಗಿನ ಮೂರೂ ತಂತಿ ಸ್ವಲ್ಪ ಸಡಿಲವಾಗಿವೆಯಾ ನೋಡಿ ಮುಚ್ಚಬೇಕು. ಹುಡುಗನ ಕೇಬಲ್ಲಿಗೆ ಮತ್ತೆ ಆರೂ ಟೆಸ್ಟ್ ಮಾಡಿದೆ. 3ನೇ ಪಿನ್ ಈಗ 1.9. ಎಳೆದರೂ 1.9.

ಬಗ್ಗಿಸಿದರೂ ಅಂಕಿ ಅಲುಗದೆ, ತಂತಿ ಮಾತ್ರ ಪೂರ್ತಿ ಓಪನ್ ಇದ್ದರೆ ಹೆಚ್ಚಾಗಿ ನಡುವೆ ಎಲ್ಲೋ ಕಡಿದಿರುತ್ತದೆ. ಟ್ರ್ಯಾಕ್ಟರ್ ಚಕ್ರವೋ ಕಬ್ಬಿಣದ ಕುರ್ಚಿ ಕಾಲೋ ಹತ್ತಿರುತ್ತದೆ. ಎಷ್ಟೋ ಜನ ಜಾಕೆಟ್ಟಿಗೆ ಸೂಜಿ ಚುಚ್ಚಿ ಹುಡುಕುತ್ತಾರೆ. ನಾನು ಚುಚ್ಚಲ್ಲ, ಆ ತೂತಿನಿಂದ ನೀರಿನ ಪಸೆ ಒಳಗೆ ಇಳಿಯುತ್ತದೆ. ಮೀಟರಿನಲ್ಲಿ ಕೆಪಾಸಿಟನ್ಸ್ ರೇಂಜ್ ಇದ್ದರೆ ಸಾಕು. ಚೆನ್ನಾಗಿರುವ 2ನೇ ಪಿನ್ನನ್ನು 1ಕ್ಕೆ ಸೇರಿಸಿ, ಕಡಿದ 3ರಿಂದ 1ಕ್ಕೆ ಎರಡೂ ತುದಿಯಲ್ಲಿ ಅಳೆಯಿರಿ. 15 ಮೀಟರ್ ಕೇಬಲ್ಲಿನಲ್ಲಿ ಈ ತುದಿ 1.2 ನ್ಯಾನೋಫ್ಯಾರಡ್, ಆ ತುದಿ 0.8 ಬಂತು ಅನ್ನಿ. ಒಟ್ಟು 2. ಈ ತುದಿಯ ಪಾಲು 1.2, ಅಂದರೆ ಐದರಲ್ಲಿ ಮೂರು. ಕಡಿದದ್ದು ಈ ತುದಿಯಿಂದ ಸುಮಾರು 9 ಮೀಟರಿನಲ್ಲಿ. ಒಂದು ಮೊಳ ಅತ್ತಿತ್ತ ಆಗಬಹುದು. ಅಲ್ಲಿ ಜಾಯಿಂಟ್ ಹಾಕಿ ಸುತ್ತುವುದಕ್ಕಿಂತ ಕತ್ತರಿಸಿ, ಎರಡು ಹೊಸ ಕನೆಕ್ಟರ್ ಹಾಕಿ, 9ರದ್ದೊಂದು 6ರದ್ದೊಂದು ಕೇಬಲ್ ಮಾಡಿಕೊಳ್ಳಿ.