40 ಪರ್ಸೆಂಟಿಗೆ ಸುತ್ತು ಹಾಕಿದ್ದ ಕೊಟೇಶನ್

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. ಸ್ಟೇನ್‌ಲೆಸ್ ಸ್ಟೀಲ್ ಕೆಲಸವೇ ಜಾಸ್ತಿ. ಮಂಡ್ಯ ಕಡೆಯ ಆಲೆಮನೆಗಳಿಗೆ ಕೊಪ್ಪರಿಗೆ, ತಣಿಸುವ ತೊಟ್ಟಿ ಮಾಡಿಕೊಡುತ್ತೇವೆ. ಎರಡು ವರ್ಷದ ಹಿಂದೆ ಮದ್ದೂರು ತಾಲ್ಲೂಕಿನ ಒಬ್ಬ ಗೌಡರಿಗೆ ನಾಲ್ಕು ಕೊಪ್ಪರಿಗೆ, ಒಂದು ತೊಟ್ಟಿಗೆ ಕೊಟೇಶನ್ ಕೊಟ್ಟೆ. 4,80,000 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 86,400. ಒಟ್ಟು 5,66,400. ದರ 15 ದಿನ ಮಾತ್ರ. ಆರ್ಡರ್ ಜೊತೆ 40 ಪರ್ಸೆಂಟ್, ಮಾಲು ಕಳಿಸುವ ಮೊದಲು 50, ಜೋಡಿಸಿದ ಮೇಲೆ 10.

ಇದು ನಾವು ಎಲ್ಲರಿಗೂ ಕೊಡುತ್ತಿದ್ದ ಷರತ್ತು. 15 ದಿನ ಯಾಕೆ ಅಂದರೆ, ಶೀಟ್ ಮಾರುವವರು ನಮಗೆ ಹೇಳುವ ರೇಟೇ ಒಂದು ವಾರ ನಿಂತರೆ ಹೆಚ್ಚು. 40 ಪರ್ಸೆಂಟ್ ಯಾಕೆ ಅಂದರೆ, ಶೀಟ್ ಕತ್ತರಿಸಿದ ಮೇಲೆ ಗಿರಾಕಿ ಬೇಡ ಅಂದರೆ ಆ ಅಳತೆಯ ಕೊಪ್ಪರಿಗೆಯನ್ನು ಬೇರೆಯವರು ಕೊಳ್ಳುವುದಿಲ್ಲ. ಎರಡಕ್ಕೂ ಕಾರಣ ಇತ್ತು. ಆದರೆ ಆ ಕಾರಣ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಹತ್ತು ದಿನ ಸುದ್ದಿ ಇಲ್ಲ. ಹನ್ನೊಂದನೇ ದಿನ ನಮ್ಮ ಆಫೀಸಿನ ಹುಡುಗ ಒಂದು ವಾಟ್ಸಾಪ್ ಹಾಕಿದ. ಹದಿನಾಲ್ಕನೇ ದಿನ ಇನ್ನೊಂದು: ‘ಸರ್, ನಾಳೆ ಕೊನೆ ದಿನ. ರೇಟ್ ಏರುತ್ತೆ. ತಕ್ಷಣ ಅಡ್ವಾನ್ಸ್ ಹಾಕಿ.’ ಎರಡಕ್ಕೂ ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ಹುಡುಗ ಸುಳ್ಳೇನೂ ಹೇಳಿರಲಿಲ್ಲ. ಆದರೆ ದುಡ್ಡು ಕೈಯಲ್ಲಿಲ್ಲದವನಿಗೆ ಈ ಮಾತು ಸಾಲ ವಸೂಲಿಗೆ ಬಂದವರ ಮಾತಿನ ಹಾಗೆ ಕೇಳಿಸುತ್ತೆ, ಅಲ್ವಾ?

ಹದಿನೆಂಟನೇ ದಿನ ಬೇರೆ ಕೆಲಸಕ್ಕೆ ಮದ್ದೂರಿಗೆ ಹೋಗಬೇಕಿತ್ತು. ‘ಗೌಡ್ರೇ, ಆ ಕಡೆ ಬರ್ತಿದ್ದೀನಿ, ಒಂದು ಲೋಟ ಕಬ್ಬಿನ ಹಾಲು ಕುಡಿದು ಹೋಗ್ಲಾ?’ ಅಂತ ಫೋನ್ ಮಾಡಿದೆ. ‘ಬನ್ನಿ ಸಾರ್, ಅದಕ್ಕೇನು’ ಅಂದರು. ಆಲೆಮನೆಯ ಗೋಡೆಗೆ ಮೊಳೆ ಹೊಡೆದು ಬಿಲ್ಲುಗಳನ್ನು ಸಿಕ್ಕಿಸಿದ್ದರು. ನಮ್ಮ ಕೊಟೇಶನ್ನೂ ಅಲ್ಲೇ ಇತ್ತು. ‘40 ಪರ್ಸೆಂಟ್’ ಅನ್ನುವುದಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 2,26,560 ಅಂತ ಬರೆದಿದ್ದರು. ಬೆಲೆಯ ಮೇಲೆ ಒಂದು ಗೀಟೂ ಇರಲಿಲ್ಲ.

‘ದುಡ್ಡು ಕೂಡಿಸ್ಕೊಂಡು ಫೋನ್ ಮಾಡಾಣ ಅಂತಿದ್ದೆ ಕಣ್ ಸಾರ್. ಬ್ಯಾಂಕಿಗೆ ಹಾಕಿವ್ನಿ, ಇನ್ನೂ ಆಗಿಲ್ಲ.’

ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದರು. ಸಣ್ಣ ಆಹಾರ ಘಟಕಗಳಿಗೆ 35 ಪರ್ಸೆಂಟ್, ಹೆಚ್ಚೆಂದರೆ 10 ಲಕ್ಷ, ಸಹಾಯಧನ ಕೊಡುವ ಕೇಂದ್ರದ ಯೋಜನೆ ಅದು. ಒಂದು ಜಿಲ್ಲೆ ಒಂದು ಉತ್ಪನ್ನದಲ್ಲಿ ಮಂಡ್ಯಕ್ಕೆ ಸಿಕ್ಕಿದ್ದು ಬೆಲ್ಲವೇ. ಆದರೆ ಸಹಾಯಧನ ಸಾಲಕ್ಕೆ ಅಂಟಿಕೊಂಡಿದೆ, ಕೈಗೆ ಮೊದಲೇ ಬರುವ ದುಡ್ಡಲ್ಲ. ಗಿರಾಕಿ ತನ್ನ ಪಾಲು ಅಂತ 10 ಪರ್ಸೆಂಟ್ ಹಾಕಬೇಕು, ಉಳಿದದ್ದನ್ನು ಬ್ಯಾಂಕು ನೇರ ನಮ್ಮ ಖಾತೆಗೆ ಕಳಿಸುತ್ತೆ. ಗೌಡರ ಹತ್ತಿರ ಇದ್ದದ್ದು ಆ 10 ಪರ್ಸೆಂಟ್, ಅಂದರೆ 56,640. ನಾವು ಕೇಳಿದ್ದು ಅದರ ನಾಲ್ಕರಷ್ಟು. ಬ್ಯಾಂಕಿನ ಫೈಲು ತಿಂಗಳುಗಟ್ಟಲೆ ಓಡುವಾಗ ನಮ್ಮ ದರ 15 ದಿನಕ್ಕೆ ಸತ್ತುಹೋಗಿತ್ತು. ಸತ್ತ ಕೊಟೇಶನ್ ಇಟ್ಟುಕೊಂಡು ಮ್ಯಾನೇಜರ್ ಸಾಲ ಮಂಜೂರು ಮಾಡುವುದು ಹೇಗೆ?

‘ಆಯ್ತು, ನಿಮಗೋಸ್ಕರ ಅದೇ ರೇಟು ಇರಲಿ’ ಅಂತ ಅಲ್ಲೇ ಬಾಯಲ್ಲಿ ಹೇಳಿಬಿಡುವ ಆಸೆ ಬರುತ್ತೆ. ನಾನು ಹಾಗೆ ಮಾಡಿ ಹಿಂದೆ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಹೇಳಿದ ಅವಧಿ ಮುಗಿದರೆ ಕೊಟ್ಟ ದರವೂ ಮುಗಿಯಿತು ಅಂತ 1872ರ ಕರಾರು ಕಾಯ್ದೆಯೇ ಹೇಳುತ್ತೆ. ಆಮೇಲೆ ಬಾಯಿಮಾತಿನಲ್ಲಿ ಮುಂದುವರಿಸಿದರೆ ಎಷ್ಟು ದಿನಕ್ಕೆ, ಯಾವುದಕ್ಕೆ ಅಂತ ಇಬ್ಬರಿಗೂ ಬೇರೆ ಬೇರೆ ನೆನಪಿರುತ್ತೆ. ಮಾರನೇ ದಿನ ಹೊಸ ಕೊಟೇಶನ್ ಮಾಡಿದೆ. ಹಳೇ ನಂಬರಿನ ಮುಂದೆ ‘ಆರ್-1’ ಅಂತ ಸೇರಿಸಿ, ಹಿಂದಿನದು ರದ್ದು ಅಂತ ಒಂದು ಸಾಲು ಬರೆದೆ.

ದರವನ್ನು ಎರಡಾಗಿ ಒಡೆದೆ. 4,80,000ದಲ್ಲಿ ಶೀಟಿನದು 2,76,000: 1,200 ಕಿಲೋ, ಕಿಲೋಗೆ 230ರಂತೆ. ಉಳಿದ 2,04,000 ಕೂಲಿ, ವೆಲ್ಡಿಂಗ್, ಪಾಲಿಶ್, ಸಾಗಾಟ. ಈ ಎರಡನೇ ಭಾಗ 60 ದಿನ ಅಲುಗಾಡಲ್ಲ. ಶೀಟಿನ ರೇಟು 5 ಪರ್ಸೆಂಟಿನೊಳಗೆ, ಅಂದರೆ ಕಿಲೋಗೆ ಹನ್ನೊಂದೂವರೆ ರೂಪಾಯಿಯೊಳಗೆ, ಏರಿದರೆ ನಷ್ಟ ನನ್ನದು, ಇಳಿದರೆ ಲಾಭ ನನ್ನದು. ಅದಕ್ಕಿಂತ ಜಾಸ್ತಿ ಏರಿದರೆ ಮಿಕ್ಕ ವ್ಯತ್ಯಾಸ ಗೌಡರು ಕೈಯಿಂದ ಕೊಡಬೇಕು, ಜಾಸ್ತಿ ಇಳಿದರೆ ಬಿಲ್ಲಿನಲ್ಲಿ ಕಳೆಯುತ್ತೇನೆ. ಕೈಯಿಂದ ಅನ್ನುವುದನ್ನು ಬಿಡಿಸಿ ಬರೆಯಲೇಬೇಕು. ಬ್ಯಾಂಕು ಮಂಜೂರಾದ ಮೊತ್ತಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ. (‘ಹಾಗಾದ್ರೆ ಕೊಟೇಶನ್ನೇ ಸ್ವಲ್ಪ ಏರಿಸಿ ಕೊಡಿ’ ಅನ್ನುವವರೂ ಇದ್ದಾರೆ. ಅದಕ್ಕೆ ನಾನು ಒಪ್ಪುವುದಿಲ್ಲ, ಬಿಲ್ಲು ಹೊಂದದೆ ಇಬ್ಬರೂ ಸಿಕ್ಕಿಕೊಳ್ಳುತ್ತೇವೆ.)

ಪಾವತಿಯೂ ಬದಲಾಯಿತು. ಆರ್ಡರ್ ಜೊತೆ ಗೌಡರ ಪಾಲು 56,640. ಶೀಟ್ ಕತ್ತರಿಸುವ ಮೊದಲು ಬ್ಯಾಂಕಿನಿಂದ ಅರ್ಧ, 2,83,200. ಉಳಿದ 2,26,560 ಮಾಲು ತಯಾರಾದ ಮೇಲೆ. ಬರೀ ಮಂಜೂರಾತಿ ಪತ್ರ ನೋಡಿ ಕೆಲಸ ಶುರು ಮಾಡುವುದಿಲ್ಲ ಅಂತಲೂ ಬರೆದೆ. ಪತ್ರ ಬಂದ ಎಷ್ಟೋ ದಿನಕ್ಕೆ ದುಡ್ಡು ಬರುವುದುಂಟು. ಜೋಡಿಸಿದ ಮೇಲಿನ 10 ಪರ್ಸೆಂಟ್ ಹೋಯಿತಲ್ಲ, ಅದು ಗೌಡರಿಗಿದ್ದ ಹಿಡಿತ. ಅದರ ಬದಲು, ಕೊನೆಯ ಕಂತಿಗೆ ಮುಂಚೆ ನಮ್ಮ ಶೆಡ್ಡಿನಲ್ಲೇ ನಾಲ್ಕೂ ಕೊಪ್ಪರಿಗೆಗೆ ನೀರು ತುಂಬಿಸಿ, ಅವರ ಎದುರೇ ಒಂದು ರಾತ್ರಿ ಬಿಟ್ಟು ಸೋರುವುದಿಲ್ಲ ಅಂತ ತೋರಿಸುವುದು ಅಂತ ಸೇರಿಸಿದೆ.

ಇದರ ಜೊತೆ ಕಳಿಸಿದ ಮೆಸೇಜು ಇಷ್ಟೇ:

‘ಗೌಡ್ರೇ ನಮಸ್ಕಾರ. ಹೊಸ ಕೊಟೇಶನ್ ಕಳಿಸಿದ್ದೀನಿ, 60 ದಿನ ಇರುತ್ತೆ. ಬ್ಯಾಂಕಿಗೆ ಇದನ್ನೇ ಕೊಡಿ, ಹಳೇದು ಬೇಡ. ಮುಗಿಯೋಕೆ ಹತ್ತು ದಿನ ಇರುವಾಗ ಒಂದು ಸಲ ನೆನಪು ಮಾಡ್ತೀನಿ, ನಡುವೆ ಫೋನ್ ಮಾಡಲ್ಲ. ಸಾಲ ತಡ ಆದ್ರೆ ಹೇಳಿ, ತಾರೀಖು ಮುಂದೆ ಹಾಕಿ ಬೇರೆ ಕಾಗದ ಕೊಡ್ತೀನಿ. ಬೇಡ ಅನ್ನಿಸಿದ್ರೂ ಒಂದು ಮಾತು ಹಾಕಿ ಸಾಕು.’

ಮುಂದೆ ಯಾವಾಗ ಮಾತಾಡಿಸುತ್ತೇನೆ ಅಂತ ಮೊದಲೇ ಹೇಳಿದರೆ ಫೋನ್ ರಿಂಗಾದಾಗೆಲ್ಲ ಅವರು ಗಾಬರಿಯಾಗಬೇಕಿಲ್ಲ. ಆದರೆ ಹೇಳಿದ ಮೇಲೆ ಹಾಗೇ ನಡೆಯಬೇಕು. ನಡುವೆ ಸುಮ್ನೆ ‘ಏನಾಯ್ತು ಸಾರ್’ ಅಂತ ಕೇಳಿದರೆ ಮುಗಿಯಿತು.

ಎಲ್ಲರಿಗೂ 60 ದಿನ ಕೊಡಲಾಗುವುದಿಲ್ಲ. ಸಾಲದ ಅರ್ಜಿ ಹಾಕಿದ ಸ್ವೀಕೃತಿ ತೋರಿಸಿದವರಿಗೆ ಮಾತ್ರ ಕೊಡುತ್ತೇನೆ. ಸುಮ್ಮನೆ ನಾಲ್ಕು ಕಡೆ ಬೆಲೆ ಕೇಳುವವರಿಗೆ 15 ದಿನವೇ. ಅವರಿಗೂ ಮೂರು ನಾಲ್ಕು ದಿನ ಮೊದಲು ಒಂದು ಮೆಸೇಜು, ಅವಧಿ ಮುಗಿದ ಮೇಲೆ ‘ದರ ಮುಗಿಯಿತು, ಅಳತೆ ನಮ್ಮಲ್ಲಿ ಇರುತ್ತೆ, ಬೇಕಾದಾಗ ಹೇಳಿ’ ಅಂತ ಇನ್ನೊಂದು. ಮೂರನೆಯದು ಇಲ್ಲ. ಉತ್ತರ ಬಾರದೇ ಉಳಿದ ಅಳತೆಗಳ ಒಂದು ಫೈಲೇ ನಮ್ಮಲ್ಲಿದೆ.

ಗೌಡರಿಗೆ ಸಾಲ ಆದದ್ದು ಹೊಸ ಕೊಟೇಶನ್ ಕೊಟ್ಟ 41ನೇ ದಿನ. ಅವತ್ತು ಶೀಟು ಕಿಲೋಗೆ 238. ಎಂಟು ರೂಪಾಯಿಯಂತೆ 9,600 ನನ್ನ ಜೇಬಿನಿಂದ ಹೋಯಿತು. ನೀರು ತುಂಬಿಸಿದ ರಾತ್ರಿ ಅವರು ಮೈಸೂರಿನಲ್ಲೇ ಉಳಿದರು. ಬೆಳಿಗ್ಗೆ ಆರಕ್ಕೇ ಶೆಡ್ಡಿಗೆ ಬಂದು ಪ್ರತಿ ಕೊಪ್ಪರಿಗೆಯ ತಳಕ್ಕೂ ಅಂಗೈ ಒರೆಸಿ ನೋಡಿದರು. ಮೂರನೆಯದರ ಬೆಸುಗೆಯಲ್ಲಿ ಒಂದು ಕಡೆ ತೇವ ಇತ್ತು.

‘ಇದೊಂದು ಸರಿ ಮಾಡ್ಬುಡಿ ಸಾರ್, ಬ್ಯಾಂಕಿಗೆ ನಾಳೆ ಹೇಳ್ತೀನಿ.’

ಮಧ್ಯಾಹ್ನದ ಹೊತ್ತಿಗೆ ಮತ್ತೆ ಬೆಸೆದು, ಇನ್ನೊಂದು ರಾತ್ರಿ ನೀರು ತುಂಬಿಸಿಟ್ಟೆವು.