ವಕೀಲರ ರೆಸ್ಯೂಮೆಯಲ್ಲಿ ಕೋರ್ಟ್ ಅನುಭವವನ್ನು ಅಳೆಯುವುದು ಹೇಗೆ?

ಮುಂಬೈನ ಫೋರ್ಟ್ ಭಾಗದಲ್ಲಿ ವಕೀಲರ ಸಣ್ಣ ಕಚೇರಿಗಳು ತುಂಬಾ ಇವೆ. ಅಂಥ ಕೆಲವು ಕಚೇರಿಗಳಿಗೆ ಬರುವ ರೆಸ್ಯೂಮೆಗಳನ್ನು ಜಾಹೀರಾತಿನ ಜೊತೆ ಹೋಲಿಸಿ ನೋಡಿಕೊಡುವುದು ನನ್ನ ಕೆಲಸ. ಹುಬ್ಬಳ್ಳಿ, ಬೆಳಗಾವಿ, ಉಡುಪಿ ಕಡೆಯಿಂದ ಬಂದ ಕನ್ನಡದ ಹುಡುಗ ಹುಡುಗಿಯರ ರೆಸ್ಯೂಮೆಗಳೂ ಬರುತ್ತವೆ. ಕೆಲಸ ಕೊಡುವವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಅದು ಕೋರ್ಟ್ ಅನುಭವ ಎಂಬ ಸಾಲು.

ಈಚೆಗೆ ನೋಡಿದ ಒಂದನ್ನೇ ತೆಗೆದುಕೊಳ್ಳೋಣ. ಗುರುತು ಸಿಗುವ ವಿವರ ಬಿಟ್ಟಿದ್ದೇನೆ. ಜಾಹೀರಾತು ಕೇಳಿದ್ದು ಮೂರು: ರಾಜ್ಯ ಬಾರ್ ಕೌನ್ಸಿಲ್ ಒಂದರಲ್ಲಿ ನೋಂದಣಿ, ಆಸ್ತಿ ವ್ಯಾಜ್ಯದಲ್ಲಿ ನಾಲ್ಕು ವರ್ಷದ ಪ್ರಾಕ್ಟೀಸ್, ಸಿಟಿ ಸಿವಿಲ್ ಕೋರ್ಟ್ ಮತ್ತು ಬಾಂಬೆ ಹೈಕೋರ್ಟ್‌ನಲ್ಲಿ ತಾವೇ ವಾದಿಸಿದ ಅನುಭವ. ಬಂದ ರೆಸ್ಯೂಮೆಯಲ್ಲಿ ಹೀಗಿತ್ತು: ‘ಏಳು ವರ್ಷ ಪ್ರಾಕ್ಟೀಸ್, ಹೈಕೋರ್ಟ್ ಮತ್ತು ಮಹಾರೇರಾದಲ್ಲಿ ನೂರಕ್ಕೂ ಹೆಚ್ಚು ಹಾಜರಾತಿ.’ ಮಹಾರೇರಾ ಅಂದರೆ ಬಿಲ್ಡರ್‌ಗಳ ಮೇಲಿನ ದೂರು ಕೇಳುವ ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ಪ್ರಾಧಿಕಾರ. ನೋಂದಣಿ ಸಂಖ್ಯೆ ಕರ್ನಾಟಕದ KAR ಎಂದು ಶುರುವಾಗಿ 2017 ಎಂದು ಮುಗಿಯುತ್ತಿತ್ತು.

ಈ KAR ನೋಡಿಯೇ ಕಚೇರಿಯ ಹಿರಿಯರು ರೆಸ್ಯೂಮೆಯನ್ನು ಪಕ್ಕಕ್ಕಿಟ್ಟಿದ್ದರು. ನಮಗೆ ಮಹಾರಾಷ್ಟ್ರದ MAH ಬೇಕಲ್ಲ ಅಂದರು. ಹಾಗೇನಿಲ್ಲ. ಅಡ್ವೊಕೇಟ್ಸ್ ಆಕ್ಟ್ 1961ರ 30ನೇ ಸೆಕ್ಷನ್ 2011ರಲ್ಲಿ ಜಾರಿಗೆ ಬಂದಿದೆ. ಯಾವುದೇ ರಾಜ್ಯದಲ್ಲಿ ನೋಂದಾಯಿಸಿದ ವಕೀಲರಿಗೆ ದೇಶದ ಎಲ್ಲ ಕೋರ್ಟ್‌ಗಳಲ್ಲಿ ಪ್ರಾಕ್ಟೀಸ್ ಮಾಡುವ ಹಕ್ಕನ್ನು ಅದು ಕೊಡುತ್ತದೆ. ಬೇಕಾದರೆ 18ನೇ ಸೆಕ್ಷನ್ ಪ್ರಕಾರ ಹೆಸರನ್ನು ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲ್‌ಗೆ ವರ್ಗಾಯಿಸಿಕೊಳ್ಳಬಹುದು, ಹಿರಿತನ ಹೋಗುವುದಿಲ್ಲ. ಜಾಹೀರಾತಿನಲ್ಲಿ ‘ರಾಜ್ಯ ಬಾರ್ ಕೌನ್ಸಿಲ್ ಒಂದರಲ್ಲಿ’ ಎಂದು ಬರೆದ ಮೇಲೆ ಈಕೆಯನ್ನು ಆ ಕಾರಣಕ್ಕೆ ಬಿಡುವುದು ಅನ್ಯಾಯ. ನೋಂದಣಿಯ ವಿಷಯದಲ್ಲಿ ನಿಜವಾಗಿ ನೋಡಬೇಕಾದದ್ದು ಬೇರೆ. ಆಲ್ ಇಂಡಿಯಾ ಬಾರ್ ಎಕ್ಸಾಮ್ ಪಾಸಾಗಿ ಸರ್ಟಿಫಿಕೇಟ್ ಆಫ್ ಪ್ರಾಕ್ಟೀಸ್ ಬಂದಿದೆಯಾ? ಈಚಿನ ಪದವೀಧರರಿಗೆ ಸನ್ನದು ಸಿಕ್ಕರೆ ಸಾಲದು, ಆ ಪರೀಕ್ಷೆಯೂ ಆಗಬೇಕು. ಈಕೆ ಅದನ್ನು ಲಗತ್ತಿಸಿದ್ದರು.

ಇನ್ನು ಏಳು ವರ್ಷದ ಲೆಕ್ಕ. ಮೊದಲ ವರ್ಷ ಹುಬ್ಬಳ್ಳಿಯಲ್ಲಿ ಹಿರಿಯ ವಕೀಲರೊಬ್ಬರ ಬಳಿ, ಸಿವಿಲ್ ಕೆಲಸ. ಆಮೇಲೆ ಮೂರು ವರ್ಷ ಠಾಣೆಯ ಒಂದು ಬಿಲ್ಡರ್ ಕಂಪನಿಯಲ್ಲಿ ಲೀಗಲ್ ಮ್ಯಾನೇಜರ್. ಕೊನೆಯ ಮೂರು ವರ್ಷ ಫೋರ್ಟ್‌ನ ವಕೀಲರ ಕಚೇರಿಯೊಂದರಲ್ಲಿ. ಕಂಪನಿಯ ಮೂರು ವರ್ಷವನ್ನು ಪ್ರಾಕ್ಟೀಸ್‌ಗೆ ಸೇರಿಸುವ ಹಾಗಿಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮದಂತೆ, ಪೂರ್ತಿ ಹೊತ್ತಿನ ಸಂಬಳದ ನೌಕರಿಯಲ್ಲಿರುವವರು ವಕೀಲಿ ಮಾಡುವಂತಿಲ್ಲ. ನೌಕರಿಗೆ ಸೇರಿದ ಕೂಡಲೇ ತಮ್ಮ ಬಾರ್ ಕೌನ್ಸಿಲ್‌ಗೆ ತಿಳಿಸಿ ಪ್ರಾಕ್ಟೀಸ್ ನಿಲ್ಲಿಸಬೇಕು. ಆ ಮೂರು ವರ್ಷದಲ್ಲಿ ಈಕೆ ಕೋರ್ಟ್‌ಗೆ ಹೋಗಿರಬಹುದು, ಆದರೆ ಕಂಪನಿಯ ಪರವಾಗಿ ವಕೀಲರಿಗೆ ಕಾಗದಪತ್ರ ಒದಗಿಸಲು ಹೋದದ್ದು. ಒಂದು ವೇಳೆ ಅದೇ ತಿಂಗಳುಗಳ ಆದೇಶದಲ್ಲಿ ಅವರ ಹೆಸರು ವಕೀಲರಾಗಿ ಬಂದಿದ್ದರೆ ಅದು ಗಂಭೀರ ವಿಷಯ. ಇಲ್ಲಿ ಹಾಗಿರಲಿಲ್ಲ. ಉಳಿದದ್ದು ಒಂದು ಮತ್ತು ಮೂರು, ಒಟ್ಟು ನಾಲ್ಕು ವರ್ಷ. ಜಾಹೀರಾತು ಕೇಳಿದ್ದೂ ಅಷ್ಟೇ.

ಹಾಗಂತ ಕಂಪನಿಯ ಮೂರು ವರ್ಷ ಸುಮ್ನೆ ಹೋಯಿತು ಅಂತಲ್ಲ. ಮಾರಾಟ ಕರಾರು, ಡೆವಲಪ್‌ಮೆಂಟ್ ಅಗ್ರಿಮೆಂಟ್, ಹಳೆಯ ಟೈಟಲ್ ಪತ್ರಗಳನ್ನು ಒಳಗಿನಿಂದ ನೋಡಿದವರು ಆಸ್ತಿ ವ್ಯಾಜ್ಯದಲ್ಲಿ ಬಲವಾಗಿರುತ್ತಾರೆ. ಅದನ್ನು ವಿಷಯದ ಹಿಡಿತದ ಕಡೆ ಬರೆದುಕೊಳ್ಳಬೇಕು, ಕೋರ್ಟ್ ಅನುಭವದ ಕಡೆ ಬೇಡ.

ಈಗ ಆ ನೂರು ಹಾಜರಾತಿ. ಈ ಸಂಖ್ಯೆಗೆ ನಾನು ಬೆಲೆ ಕೊಡುವುದಿಲ್ಲ. ತಾರೀಖು ತೆಗೆದುಕೊಳ್ಳಲು ನಿಂತದ್ದೂ ಹಾಜರಾತಿ, ಒಂದು ಗಂಟೆ ವಾದಿಸಿದ್ದೂ ಹಾಜರಾತಿ. ಇಕೋರ್ಟ್ಸ್ ತಾಣದಲ್ಲಿ ವಕೀಲರ ಹೆಸರು ಹಾಕಿ ಕೆಲವರು ಹುಡುಕುತ್ತಾರೆ. ಏನೂ ಸಿಗದಿದ್ದರೆ ರೆಸ್ಯೂಮೆ ಸುಳ್ಳು ಎಂದು ತೀರ್ಮಾನಿಸಿಬಿಡುತ್ತಾರೆ. ಇದು ತಪ್ಪು. ಅಲ್ಲಿ ಸಾಮಾನ್ಯವಾಗಿ ಕಾಣುವುದು ವಕಾಲತ್ತು ಹಾಕಿದವರ ಹೆಸರು. ಕಚೇರಿಯ ಕಿರಿಯರು ಎಷ್ಟೇ ವಾದಿಸಿರಲಿ, ವಕಾಲತ್ತು ಹಿರಿಯರ ಅಥವಾ ಕಚೇರಿಯ ಹೆಸರಿನಲ್ಲಿ ಇದ್ದರೆ ಅವರು ಕಾಣುವುದೇ ಇಲ್ಲ. ಅದಕ್ಕೇ ಅಭ್ಯರ್ಥಿಯಿಂದಲೇ ಐದು ಪ್ರಕರಣ ಸಂಖ್ಯೆ, ತಾರೀಖು, ಆ ದಿನ ತಾವು ಮಾಡಿದ ಕೆಲಸ ಇಷ್ಟನ್ನು ಕೇಳಿ. ಆದೇಶಗಳು ಸಾರ್ವಜನಿಕ, ತೆಗೆದು ಓದಬಹುದು. ಕರಡು ಅರ್ಜಿ ಕಳಿಸಿ ಎಂದು ಮಾತ್ರ ಕೇಳಬೇಡಿ, ಅದು ಇನ್ನೊಬ್ಬರ ಕಕ್ಷಿದಾರರ ಗುಟ್ಟು.

ಬಾಂಬೆ ಹೈಕೋರ್ಟ್ ಆದೇಶದ ತಲೆಭಾಗದಲ್ಲಿ ಹಾಜರಾದವರ ಹೆಸರುಗಳಿರುತ್ತವೆ. ಅಲ್ಲಿ ಎರಡು ಚಿಹ್ನೆ ಗಮನಿಸಿ. a/w ಅಂದರೆ ಜೊತೆಗೆ ನಿಂತವರು. i/b ಅಂದರೆ ಯಾರು ಕೇಸ್ ಒಪ್ಪಿಸಿದರೋ ಅವರು, ಹೆಚ್ಚಾಗಿ ವಕಾಲತ್ತು ಇರುವ ಕಚೇರಿ. ಫೈಲ್ ಮಾಡುವ ಸಾಲಿಸಿಟರ್ ಬೇರೆ, ವಾದಿಸುವ ಕೌನ್ಸೆಲ್ ಬೇರೆ ಎಂಬ ಇಲ್ಲಿನ ಹಳೆಯ ಪದ್ಧತಿ 1976ರ ತಿದ್ದುಪಡಿಯ ನಂತರ ಕಡ್ಡಾಯವಾಗಿ ಉಳಿಯಲಿಲ್ಲ, ರೂಢಿಯಲ್ಲಿ ಇನ್ನೂ ಇದೆ. ಸಾಲಿನ ಮೊದಲ ಹೆಸರು ಸಾಮಾನ್ಯವಾಗಿ ವಾದಿಸಿದವರದು. ಆಮೇಲೆ ಆದೇಶದ ಒಳಗೆ ಓದಿ. ‘S.O. to’ ಎಂದು ಒಂದು ತಾರೀಖು ಮಾತ್ರ ಇದ್ದರೆ ಅವತ್ತು ಕೇಸ್ ಮುಂದೂಡಿದ್ದಾರೆ, ವಾದ ಆಗಿಲ್ಲ.

ಈಕೆ ಕೊಟ್ಟ ಐದರಲ್ಲಿ ಎರಡು ಹೈಕೋರ್ಟಿನವು. ಎರಡರಲ್ಲೂ ಹೆಸರು a/w ನಂತರ ಇತ್ತು, ಒಂದಂತೂ ಬರೀ ಮುಂದೂಡಿಕೆ. ಇನ್ನೆರಡು ಮಹಾರೇರಾದವು. ರೇರಾ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಅಲ್ಲಿ ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ ಕೂಡ ಹಾಜರಾಗಬಹುದು. ಸಾಕ್ಷಿಗೆ ಪಾಟೀ ಸವಾಲು ಹಾಕುವ ಸಂದರ್ಭ ಅಲ್ಲಿ ಅಪರೂಪ. ಹಾಗಾಗಿ ಅದು ವಿಷಯದ ಅನುಭವ ಹೌದು, ಸಿವಿಲ್ ಕೋರ್ಟ್ ಅನುಭವಕ್ಕೆ ಬದಲಿ ಅಲ್ಲ.

ಐದನೆಯದು ನನ್ನ ಅಭಿಪ್ರಾಯ ಬದಲಿಸಿತು. ಸಿಟಿ ಸಿವಿಲ್ ಕೋರ್ಟಿನ ಒಂದು ನೋಟಿಸ್ ಆಫ್ ಮೋಷನ್, ಅಂದರೆ ಮಧ್ಯಂತರ ಅರ್ಜಿ. ಫ್ಲ್ಯಾಟ್ ಯಾರದು ಎಂದು ಅಣ್ಣತಮ್ಮಂದಿರ ಜಗಳ. ತೀರ್ಪಾಗುವ ತನಕ ಬಿಲ್ಡರ್ ಯಾರಿಗೂ ಕೀಲಿ ಕೊಡಬಾರದೆಂದು ತಡೆಯಾಜ್ಞೆ ಕೇಳಿದ್ದರು. ಈಕೆಯ ಹೆಸರೇ ಮೊದಲಿತ್ತು. ಆದೇಶದಲ್ಲಿ ಎರಡೂ ಕಡೆಯ ವಾದ ವಿವರವಾಗಿ ದಾಖಲಾಗಿತ್ತು.

ಸಂದರ್ಶನದಲ್ಲಿ ಹಿರಿಯರು ಇದೊಂದರ ಬಗ್ಗೆಯೇ ಕೇಳಿದರು: “ಎದುರಿನವರು ಏನು ಆಕ್ಷೇಪ ತೆಗೆದರಮ್ಮಾ?”

“ರೇರಾದ 79ನೇ ಸೆಕ್ಷನ್ ತೋರಿಸಿದರು ಸರ್, ಸಿವಿಲ್ ಕೋರ್ಟಿಗೆ ಇದನ್ನು ಕೇಳುವ ಅಧಿಕಾರ ಇಲ್ಲ ಅಂತ. ಮಾಲೀಕರು ಯಾರು ಅನ್ನೋದನ್ನ ರೇರಾ ತೀರ್ಮಾನಿಸೋಕಾಗಲ್ಲ, ಅದು ಸಿವಿಲ್ ಕೋರ್ಟಿನದೇ ಕೆಲಸ ಅಂತ ನಾನು ಹೇಳಿದೆ.”

“ನ್ಯಾಯಾಧೀಶರು ಏನು ಕೇಳಿದರು?”

“ಹಾಗಿದ್ರೆ ಬಿಲ್ಡರನ್ನ ಯಾಕೆ ಪಾರ್ಟಿ ಮಾಡಿದ್ರಿ ಅಂತ. ಕೀಲಿ ಅವರ ಕೈಯಲ್ಲಿದೆ, ಅಷ್ಟಕ್ಕೆ ಮಾತ್ರ ಅಂದೆ.”

ಜೊತೆಗೆ ನಿಂತು ಕೇಳಿಸಿಕೊಂಡವರೂ ಮೊದಲ ಉತ್ತರ ಹೇಳಬಲ್ಲರು. ನ್ಯಾಯಾಧೀಶರ ಮರುಪ್ರಶ್ನೆ, ಅದಕ್ಕೆ ಅಲ್ಲೇ ಕೊಟ್ಟ ಉತ್ತರ, ಇವು ತಾವೇ ನಿಂತವರಿಗೆ ಜಾಸ್ತಿ ನೆನಪಿರುತ್ತವೆ. ಅದನ್ನು ಆದೇಶದ ಜೊತೆ ತಾಳೆ ನೋಡಬಹುದು, ನಾವು ನೋಡಿದೆವು.

ನಾನು ಕೊಟ್ಟ ಟಿಪ್ಪಣಿ ಹೀಗಿತ್ತು: ನೋಂದಣಿ ಸರಿಯಿದೆ. ಆಸ್ತಿ ವ್ಯಾಜ್ಯದಲ್ಲಿ ಪ್ರಾಕ್ಟೀಸ್ ನಾಲ್ಕು ವರ್ಷ, ಏಳಲ್ಲ. ಸಿಟಿ ಸಿವಿಲ್ ಕೋರ್ಟಿನಲ್ಲಿ ತಾವೇ ವಾದಿಸಿದ್ದಾರೆ. ಹೈಕೋರ್ಟಿನಲ್ಲಿ ಸಹಾಯಕರಾಗಿ ಮಾತ್ರ, ಹಾಗಾಗಿ ಮೂರನೆಯ ಬೇಡಿಕೆ ಅರ್ಧ ಪೂರ್ತಿಯಾಗಿದೆ. ಕಚೇರಿಯ ಹೈಕೋರ್ಟ್ ವಾದಗಳನ್ನು ಹಿರಿಯರೇ ಮಾಡುತ್ತಾರೆ, ಹೊಸಬರಿಂದ ಬೇಕಿದ್ದದ್ದು ಸಿಟಿ ಸಿವಿಲ್ ಕೆಲಸ. ಆದ್ದರಿಂದ ತೆಗೆದುಕೊಳ್ಳಿ ಎಂದೆ, ತೆಗೆದುಕೊಂಡರು. ಆಕೆಗೆ ಹೇಳಿದ್ದು ಇಷ್ಟು: ‘ನೂರಕ್ಕೂ ಹೆಚ್ಚು ಹಾಜರಾತಿ’ ಅಳಿಸಿ, ‘ಸಿಟಿ ಸಿವಿಲ್ ಕೋರ್ಟ್: ಮಧ್ಯಂತರ ಅರ್ಜಿಗಳಲ್ಲಿ ಸ್ವತಂತ್ರ ವಾದ. ಹೈಕೋರ್ಟ್: ಹಿರಿಯರಿಗೆ ಸಹಾಯ. 2018ರಿಂದ 2021: ಕಂಪನಿ ನೌಕರಿ, ಪ್ರಾಕ್ಟೀಸ್ ಇಲ್ಲ’ ಎಂದು ಬರೆಯಿರಿ.